ನೀರಿನಲ್ಲಿ ಇಲ್ಲದ 40 ಸೆಕೆಂಡಿನ ಅಲೆ: ಏಲಿಯಾಸಿಂಗ್ ಚಿತ್ರವನ್ನು ಸರಿಯಾಗಿ ಓದಿದ ಒಂದು ಪ್ರಕರಣ

ಹಿನ್ನೆಲೆ

ಬೇಗ ಬೇಗ ಏರಿಳಿಯುವ ಅಲೆಯನ್ನು ಸಾಲದಷ್ಟು ಸಲ ಓದಿದರೆ ಅದು ನಿಧಾನದ ಬೇರೆ ಅಲೆಯಾಗಿ ಕಾಣುತ್ತದೆ, ಏಲಿಯಾಸಿಂಗ್ ಅನ್ನೋದು ಇದಕ್ಕೇ. ಇದು ಒಂದು ಡಿಪ್ಲೊಮಾ ಕಾಲೇಜಿನ ಕೊನೆ ವರ್ಷದ ಪ್ರಾಜೆಕ್ಟ್‌ನ ಕತೆ. ಕಾಲೇಜು ಯಾವುದು, ಮಕ್ಕಳು ಯಾರು ಅನ್ನೋದು ಇಲ್ಲಿ ಬೇಡ. ನಾನು ಆ ಲ್ಯಾಬಿಗೆ ಆಗಾಗ ಹೋಗಿ ಪ್ರಾಜೆಕ್ಟ್‌ಗಳನ್ನು ನೋಡಿ ಬರುವವನು, ಅಷ್ಟೇ.

ನಾಲ್ಕು ಜನರ ತಂಡ ಹಾಲು ಪಾಶ್ಚರೀಕರಿಸುವ ಒಂದು ಸಣ್ಣ ಯಂತ್ರ ಮಾಡುತ್ತಿತ್ತು. 20 ಲೀಟರ್ ನೀರಿನ ತೊಟ್ಟಿ, ಅದರೊಳಗೆ ಹಾಲಿನ ಕ್ಯಾನ್, ಕೆಳಗೆ ಒಂದು ಕಿಲೋವ್ಯಾಟ್ ಹೀಟರ್. ಹಾಲು 63 ಡಿಗ್ರಿಯಲ್ಲಿ 30 ನಿಮಿಷ ಇರಬೇಕು, ಅದಕ್ಕೆ ನೀರಿನ ಬಿಸಿ ಏರುಪೇರಾಗಬಾರದು. ಬಿಸಿ ಅಳೆಯಲು, ಬಿಸಿಗೆ ತಕ್ಕಂತೆ ರೋಧ ಬದಲಾಗುವ 10 ಕಿಲೋ ಓಮ್‌ನ ಥರ್ಮಿಸ್ಟರ್, ಅದರ ಜೊತೆ ಇನ್ನೊಂದು 10 ಕಿಲೋ ಓಮ್ ರೆಸಿಸ್ಟರ್, ಮಧ್ಯದ ವೋಲ್ಟೇಜ್ ಓದಲು ಒಂದು ಆರ್ಡುಯಿನೋ. ಸೆನ್ಸರಿನಿಂದ ಬೋರ್ಡಿಗೆ ಸುಮಾರು ಮೂರು ಮೀಟರ್ ಸಾದಾ ವೈರ್. ಹೀಟರಿಗೆ ಹೋಗುವ 230 ವೋಲ್ಟ್ ವೈರ್ ಜೊತೆಗೇ ಅದನ್ನೂ ಸೇರಿಸಿ ಟೇಪ್ ಸುತ್ತಿದ್ದರು. ನೋಡಲು ಅಚ್ಚುಕಟ್ಟಾಗಿತ್ತು.

ಕೋಡ್ ಕೂಡ ಸರಳ. ಒಂದು ಸಲ ಓದು, ಡಿಗ್ರಿಗೆ ಪರಿವರ್ತಿಸು, ಪ್ರಿಂಟ್ ಮಾಡು, ಒಂದು ಸೆಕೆಂಡ್ ಕಾಯು.

```
int v = analogRead(A0);
Serial.println(toCelsius(v));
delay(1000);
```

ನೀರಿನ ಬಿಸಿ ನಿಧಾನವಾಗಿ ಬದಲಾಗುವ ವಸ್ತು. ಸೆಕೆಂಡಿಗೆ ಒಂದು ಸಲ ಓದಿದರೆ ಬೇಕಾದಷ್ಟಾಯಿತು ಅಂತ ಅವರ ಲೆಕ್ಕ. ನೀರಿನ ಮಟ್ಟಿಗೆ ಆ ಲೆಕ್ಕ ಸರಿಯೇ. ಆದರೆ ಆ ವೈರಿನಲ್ಲಿ ಬರುತ್ತಿದ್ದದ್ದು ನೀರಿನ ಸುದ್ದಿ ಮಾತ್ರ ಅಲ್ಲ.

ಕಂಡ ತೊಂದರೆ

ಗ್ರಾಫ್ ತೆಗೆದು ನೋಡಿದರೆ ನೀರಿನ ಬಿಸಿ ಸಾಲಾಗಿ ಏರಿ ಇಳಿಯುತ್ತಿತ್ತು. 63ರ ಸುತ್ತ ಮೇಲೆ 0.8 ಡಿಗ್ರಿ, ಕೆಳಗೆ 0.8 ಡಿಗ್ರಿ, ಒಂದು ಸುತ್ತಿಗೆ ಸುಮಾರು 40 ಸೆಕೆಂಡ್. ಅದು ಚದುರಿದ ಗದ್ದಲದ ಹಾಗಿರಲಿಲ್ಲ. ಪುಸ್ತಕದಲ್ಲಿ ಬರೆದ ಸೈನ್ ಅಲೆಯಷ್ಟು ನುಣುಪಾಗಿತ್ತು. ಎಲ್ಲರೂ ಅದನ್ನು ನಂಬಿದ್ದು ಆ ನುಣುಪಿಗೇ.

ರಿಲೇ ಆ ಅಲೆಯ ಜೊತೆಗೇ ಟಕ್ ಟಕ್ ಅಂತ ಹೀಟರನ್ನು ಆನ್ ಆಫ್ ಮಾಡುತ್ತಿತ್ತು. ನೀರಿಗೆ ಅದ್ದಿಟ್ಟ ಗಾಜಿನ ಥರ್ಮಾಮೀಟರ್ ಮಾತ್ರ ಹೆಚ್ಚು ಕಡಿಮೆ ಒಂದೇ ಕಡೆ ನಿಂತಿತ್ತು. ಗಾಜಿನದು ನಿಧಾನ, ಅದಕ್ಕೆ ತೋರಿಸ್ತಿಲ್ಲ ಅಂತ ತಂಡ ಅದನ್ನು ಬದಿಗಿಟ್ಟಿತು.

ಏನೇನು ಮಾಡಿ ನೋಡಿದರು

ಮೊದಲ ಅನುಮಾನ ಕಂಟ್ರೋಲ್ ಮೇಲೆ. ಹೀಟರ್ ಆನ್ ಆಗುವ ಬಿಂದುವಿಗೂ ಆಫ್ ಆಗುವ ಬಿಂದುವಿಗೂ ಇದ್ದ ಅರ್ಧ ಡಿಗ್ರಿ ಅಂತರವನ್ನು ಒಂದಕ್ಕೆ ಏರಿಸಿದರು, ಆಮೇಲೆ ಎರಡಕ್ಕೆ. ಎರಡು ಮಾಡಿದಾಗ ಟಕ್ ಟಕ್ ನಿಂತಿತು, ಗ್ರಾಫಿನ ಅಲೆ ನಿಲ್ಲಲಿಲ್ಲ. ಕೊನೆಗೆ ಹೀಟರನ್ನೇ ಆಫ್ ಮಾಡಿ ಬಿಟ್ಟರು. ನೀರು ನಿಧಾನಕ್ಕೆ ಆರುತ್ತಾ ಹೋಯಿತು, ಆ ಇಳಿಜಾರಿನ ಮೇಲೂ ಅದೇ ಅಲೆ ಕೂತಿತ್ತು. ಕಂಟ್ರೋಲ್ ಕಾರಣ ಅಲ್ಲ ಅನ್ನೋದು ಅಲ್ಲಿಗೇ ಸಾಬೀತಾದ ಹಾಗೆ. ಹೀಟರ್ ಆಫ್ ಆದರೂ ಅದರ ವೈರಿನಲ್ಲಿ 230 ವೋಲ್ಟ್ ಹಾಗೇ ಇತ್ತು, ಏಕೆಂದರೆ ರಿಲೇ ಇದ್ದದ್ದು ತೊಟ್ಟಿಯ ಹತ್ತಿರ. ಇದು ಆಗ ಯಾರ ಗಮನಕ್ಕೂ ಬರಲಿಲ್ಲ.

ಆಮೇಲೆ ಸೆನ್ಸರ್ ಬದಲಿಸಿದರು. ವೈರ್ ಅದೇ, ಅಲೆಯೂ ಅದೇ.

ಸ್ಯಾಂಪ್ಲಿಂಗ್ ಮೇಲೂ, ಅಂದರೆ ಎಷ್ಟು ಹೊತ್ತಿಗೊಮ್ಮೆ ಓದುತ್ತೇವೆ ಅನ್ನೋದರ ಮೇಲೂ, ಒಬ್ಬ ಹುಡುಗನಿಗೆ ಅನುಮಾನ ಬಂದಿತ್ತು ಅನ್ನೋದು ಇಲ್ಲಿ ಮುಖ್ಯ. ಅವನು `delay(1000)` ತೆಗೆದು `delay(500)` ಹಾಕಿ ನೋಡಿದ. ವೇಗ ಎರಡರಷ್ಟಾಯಿತಲ್ಲ, ಆದರೂ ನುಣುಪಾದ ನಿಧಾನದ ಅಲೆಯೇ ಬಂತು. ಹಾಗಾದರೆ ಸ್ಯಾಂಪ್ಲಿಂಗ್ ಸರಿ ಇದೆ ಅಂತ ತೀರ್ಮಾನಿಸಿದ. ಯೋಚನೆ ಸರಿಯಾದ ದಿಕ್ಕಿನಲ್ಲೇ ಇತ್ತು, ಆರಿಸಿಕೊಂಡ ಅಂಕಿ ಕೈಕೊಟ್ಟಿತು. ಯಾಕೆ ಅನ್ನೋದಕ್ಕೆ ಆಮೇಲೆ ಬರುತ್ತೇನೆ.

ಕೊನೆಯ ಪ್ರಯತ್ನ ಸರಾಸರಿ. ಪ್ರತಿ ಸಲ ಒಂದರ ಬದಲು ಸಾಲಾಗಿ ಹತ್ತು ಸಲ ಓದಿ ಸರಾಸರಿ ತೆಗೆದರು. ಅಲೆಯ ಎತ್ತರ ಒಂದಿಷ್ಟೂ ಇಳಿಯಲಿಲ್ಲ. ಆದರೆ ಯಾರೂ ನಿರೀಕ್ಷಿಸದ ಒಂದು ಬದಲಾವಣೆ ಆಯಿತು. 40 ಸೆಕೆಂಡಿನ ಅಲೆ ಸುಮಾರು 13 ಸೆಕೆಂಡಿನದಾಯಿತು.

ತಿರುವು

ನನಗೆ ಗ್ರಾಫ್ ತೋರಿಸಿದ್ದು ಈ ಹಂತದಲ್ಲಿ. ತಂಡದ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಲ್ಲೇ ಉತ್ತರ ಇತ್ತು: "ಸರ್, ನಾವು ಕೋಡ್ ಬದಲಿಸಿದ್ದು ನೀರಿಗೆ ಹೇಗೆ ಗೊತ್ತಾಯ್ತು?"

ಹೀಟರ್ ಆಫ್ ಇದೆ, ನೀರು ಅದೇ ನೀರು. ಹತ್ತು ಸಲ ಓದಿದ ಮಾತ್ರಕ್ಕೆ ಅದು ಮೂರು ಪಟ್ಟು ಬೇಗ ಏರಿ ಇಳಿಯಲು ಶುರುಮಾಡುತ್ತದಾ? ಸಾಧ್ಯವಿಲ್ಲ. ಹಾಗಾದರೆ ಆ ಅಲೆ ಹುಟ್ಟುತ್ತಿರುವುದು ತೊಟ್ಟಿಯಲ್ಲಲ್ಲ, ಓದುವ ಕ್ರಮದಲ್ಲಿ. "ಏಲಿಯಾಸಿಂಗ್ ಚಿತ್ರ ನೋಡಿದ್ದೀರಾ?" ಅಂದೆ. ನಾಲ್ವರೂ ನೋಡಿದ್ದರು. ಪರೀಕ್ಷೆಯಲ್ಲಿ ಬರೆದೂ ಇದ್ದರು.

ಆ ಚಿತ್ರ ಸುಮಾರಾಗಿ ಎಲ್ಲ ಕಡೆ ಒಂದೇ ತರಹ ಇರುತ್ತದೆ. ಒತ್ತೊತ್ತಾಗಿ ಏರಿಳಿಯುವ ನೀಲಿ ಅಲೆ, ಅದರ ಮೇಲೆ ಸಮ ಅಂತರದಲ್ಲಿ ಕಪ್ಪು ಚುಕ್ಕೆಗಳು, ಚುಕ್ಕೆಗಳ ಮೂಲಕವೇ ಹಾಯುವ ಒಂದು ಅಗಲವಾದ ಕೆಂಪು ಅಲೆ. ಲ್ಯಾಬಿನ ಗೋಡೆಯ ಬೋರ್ಡಿನ ಮೇಲೆ ನಾವು ಬರೆದದ್ದು ಹೀಗೆ: ಒಂದು ಸೆಕೆಂಡಿನಲ್ಲಿ ನೀಲಿಗೆ 9 ಸುತ್ತು, ಅಂದರೆ 9 ಹರ್ಟ್ಜ್. ಸ್ಯಾಂಪಲ್ ಸೆಕೆಂಡಿಗೆ 10. ಕೆಂಪು 1 ಹರ್ಟ್ಜ್.

ಇದರಿಂದ ಏನು ಅರ್ಥವಾಯಿತು ಅಂತ ಕೇಳಿದೆ. "ಚುಕ್ಕೆ ಕಡಿಮೆ ಆದ್ರೆ ವಿವರ ಹೋಗುತ್ತೆ ಸರ್, ಅಲೆ ಮಸುಕಾಗುತ್ತೆ" ಅಂದರು. ಬಹಳ ಜನ ಓದುವುದೇ ಹೀಗೆ. ಕೆಂಪು ಗೆರೆ ಅಂದರೆ ನೀಲಿಯ ಕಳಪೆ ಪ್ರತಿ, ಯಾರೋ ಚುಕ್ಕೆಗಳನ್ನು ಒರಟಾಗಿ ಜೋಡಿಸಿದ್ದಾರೆ ಅಂದುಕೊಳ್ಳುತ್ತಾರೆ. ಹಾಗೆ ಓದಿದವರು ತಮ್ಮ ಗ್ರಾಫಿನಲ್ಲಿ ಏಲಿಯಾಸಿಂಗ್ ಇದ್ದರೆ ಅದು ಹರಕು ಮುರುಕಾಗಿ ಕಾಣುತ್ತದೆ ಅಂತಲೇ ಕಾಯುತ್ತಾರೆ. ಈ ತಂಡಕ್ಕೆ ಬಂದದ್ದು ನುಣುಪಾದ ಅಲೆ, ಹಾಗಾಗಿ ಚಿತ್ರಕ್ಕೂ ಗ್ರಾಫಿಗೂ ಸಂಬಂಧ ಇದೆ ಅಂತ ಹೊಳೆಯಲೇ ಇಲ್ಲ.

ಅದಕ್ಕೇ ಚುಕ್ಕೆಗಳನ್ನು ಕೈಯಲ್ಲೇ ಲೆಕ್ಕ ಹಾಕಿಸಿದೆ. ಒಂದು ಚುಕ್ಕೆಯಿಂದ ಇನ್ನೊಂದಕ್ಕೆ 0.1 ಸೆಕೆಂಡ್. ಅಷ್ಟರಲ್ಲಿ ನೀಲಿ ಅಲೆ 0.9 ಸುತ್ತು ಮುಗಿಸುತ್ತದೆ, ಆಗ ಅದರ ಎತ್ತರ -0.588. ಎರಡನೇ ಚುಕ್ಕೆಗೆ 1.8 ಸುತ್ತು. ಪೂರ್ತಿ ಮುಗಿದ ಒಂದು ಸುತ್ತನ್ನು ಬಿಟ್ಟುಬಿಡಿ, ಉಳಿದದ್ದು 0.8, ಎತ್ತರ -0.951. ಮೂರನೆಯದಕ್ಕೆ 2.7, ಉಳಿದದ್ದು 0.7, ಮತ್ತೆ -0.951. ನಾಲ್ಕಕ್ಕೆ -0.588. ಐದಕ್ಕೆ ಸೊನ್ನೆ. ಅಲ್ಲಿಂದ ಮೇಲಕ್ಕೆ 0.588, 0.951, 0.951, 0.588, ಹತ್ತಕ್ಕೆ ಮತ್ತೆ ಸೊನ್ನೆ.

ಇಷ್ಟೇ ಅಂಕಿ ಕೈಯಲ್ಲಿಟ್ಟುಕೊಂಡು, ನೀಲಿ ಗೆರೆಯನ್ನು ಅಳಿಸಿ ನೋಡಿ. ಒಂದು ಸಲ ಕೆಳಗಿಳಿದು ಒಂದು ಸಲ ಮೇಲೇರಿದ, ಶುದ್ಧವಾದ 1 ಹರ್ಟ್ಜ್ ಸೈನ್ ಅಲೆ. ಎಲ್ಲೂ ಮಸುಕಿಲ್ಲ, ಒರಟಿಲ್ಲ. ಪ್ರತಿ ಚುಕ್ಕೆಯೂ ನೀಲಿಯ ಮೇಲೂ ಸರಿಯಾಗಿ ಕೂತಿದೆ, ಕೆಂಪಿನ ಮೇಲೂ ಸರಿಯಾಗಿ ಕೂತಿದೆ. ಕಂಪ್ಯೂಟರಿಗೆ ಸಿಗುವುದು ಚುಕ್ಕೆ ಮಾತ್ರ, ನೀಲಿ ಗೆರೆ ಅದಕ್ಕೆ ಕಾಣುವುದೇ ಇಲ್ಲ. ಚಿತ್ರ ನೋಡುವ ನಮಗೆ ಮಾತ್ರ ಎರಡೂ ಕಾಣುತ್ತವೆ, ಅದರಿಂದಲೇ ಇದು ಸುಲಭ ಅನ್ನಿಸುತ್ತದೆ.

ಆಗ ಒಬ್ಬ ಹುಡುಗ ಒಳ್ಳೆಯ ವಿಷಯ ಹಿಡಿದ. ನೀಲಿ ಶುರುವಿನಲ್ಲಿ ಮೇಲಕ್ಕೆ ಹೋಗುತ್ತದೆ, ಕೆಂಪು ಯಾಕೆ ಕೆಳಕ್ಕೆ ಹೋಗುತ್ತಿದೆ? ಬರೆದವರ ತಪ್ಪಾ? ತಪ್ಪಲ್ಲ. 0.9 ಸುತ್ತು ಮುಂದೆ ಹೋಗುವುದು ಅಂದರೆ ಪೂರ್ತಿ ಸುತ್ತಿಗೆ 0.1 ಕಡಿಮೆ, ನೋಡುವವನಿಗೆ ಅದು 0.1 ಹಿಂದೆ ಹೋದ ಹಾಗೆ. ಗೋಡೆ ಗಡಿಯಾರವನ್ನು 55 ನಿಮಿಷಕ್ಕೊಮ್ಮೆ ಮಾತ್ರ ನೋಡಿ, ಗಂಟೆ ಮುಳ್ಳನ್ನು ಕೈಯಲ್ಲಿ ಮುಚ್ಚಿಡಿ. ನಿಮಿಷದ ಮುಳ್ಳು ಪ್ರತಿ ಸಲ ಐದು ನಿಮಿಷ ಹಿಂದಕ್ಕೆ ಬಂದ ಹಾಗೆ ಕಾಣುತ್ತದೆ. 65 ನಿಮಿಷಕ್ಕೊಮ್ಮೆ ನೋಡಿದರೆ ಐದು ನಿಮಿಷ ಮುಂದಕ್ಕೆ. ಹಾಗೆಯೇ 11 ಹರ್ಟ್ಜ್ ಅಲೆಯನ್ನು ಸೆಕೆಂಡಿಗೆ 10 ಸಲ ನೋಡಿದರೂ 1 ಹರ್ಟ್ಜೇ ಸಿಗುತ್ತದೆ, ಈ ಸಲ ತಲೆಕೆಳಗಾಗದೆ. 19, 21, 29, 31, ಎಲ್ಲವೂ ಅದೇ 1 ಹರ್ಟ್ಜ್‌ಗೆ ಬಂದು ಕೂರುತ್ತವೆ. ಚುಕ್ಕೆ ನೋಡಿ ಮೂಲ ಯಾವುದು ಅಂತ ಹೇಳಲು ದಾರಿಯಿಲ್ಲ.

ಪಠ್ಯದಲ್ಲಿ ನೈಕ್ವಿಸ್ಟ್, ಶಾನನ್ ಹೆಸರಿನಲ್ಲಿ ಬರುವ ನಿಯಮ ಇದನ್ನೇ ಹೇಳುತ್ತದೆ. ಸ್ಯಾಂಪ್ಲಿಂಗ್ ವೇಗದ ಅರ್ಧಕ್ಕಿಂತ ಕೆಳಗಿನ ಫ್ರೀಕ್ವೆನ್ಸಿ ಮಾತ್ರ ತನ್ನ ಜಾಗದಲ್ಲಿ ಕಾಣುತ್ತದೆ, ಮೇಲಿನದೆಲ್ಲ ಕೆಳಗೆ ಮಡಚಿಕೊಳ್ಳುತ್ತದೆ. ಸರಿಯಾಗಿ ಅರ್ಧ ಆದರೂ ಸಾಲದು. 5 ಹರ್ಟ್ಜ್ ಸೈನ್ ಅಲೆಯನ್ನು ಸೆಕೆಂಡಿಗೆ 10 ಸಲ, ಅದು ಸೊನ್ನೆ ದಾಟುವ ಹೊತ್ತಿಗೇ ಹಿಡಿದರೆ ಎಲ್ಲ ಚುಕ್ಕೆಯೂ ಸೊನ್ನೆಯೇ.

ಚಿತ್ರದಿಂದ ತೊಟ್ಟಿಗೆ

ಈಗ ನೀಲಿ ಗೆರೆಯ ಜಾಗದಲ್ಲಿ ಯಾರಿದ್ದಾರೆ ಅನ್ನೋದು ಪ್ರಶ್ನೆ. ಸೆನ್ಸರ್ ವೈರಿನ ಪಕ್ಕದಲ್ಲೇ 50 ಹರ್ಟ್ಜ್ ಕರೆಂಟ್ ವೈರ್ ಮಲಗಿದೆ. ಎರಡರ ನಡುವಿನ ಅಲ್ಪ ಕೆಪಾಸಿಟನ್ಸಿನಿಂದ ಸೆನ್ಸರ್ ವೈರಿಗೆ ಹಮ್, ಅಂದರೆ ಆ 50 ಹರ್ಟ್ಜ್ ಅಲೆಯ ಸೋರಿಕೆ, ಕೆಲವು ಹತ್ತು ಮಿಲಿವೋಲ್ಟ್ ಬಂದರೆ ಆಶ್ಚರ್ಯವೇನಿಲ್ಲ. 63 ಡಿಗ್ರಿಯ ಹತ್ತಿರ ಈ ಸರ್ಕ್ಯೂಟಿನಲ್ಲಿ ಒಂದು ಡಿಗ್ರಿ ಅಂದರೆ ಸುಮಾರು 25 ಮಿಲಿವೋಲ್ಟ್. 20 ಮಿಲಿವೋಲ್ಟ್ ಹಮ್ ಬಂದರೂ 0.8 ಡಿಗ್ರಿ ಆಯಿತು.

ಸೆಕೆಂಡಿಗೆ ಒಂದು ಸ್ಯಾಂಪಲ್ ಅಂದರೆ ಅರ್ಧ ಹರ್ಟ್ಜ್‌ಗಿಂತ ಮೇಲಿನದೆಲ್ಲ ಮಡಚಿಕೊಳ್ಳಲೇಬೇಕು. ಸರಿಯಾಗಿ ಒಂದು ಸೆಕೆಂಡಿಗೆ ಓದಿದ್ದರೆ ಹಮ್ ಪ್ರತಿ ಸಲ ಸರಿಯಾಗಿ 50 ಸುತ್ತು ಮುಗಿಸಿ ಅದೇ ಜಾಗದಲ್ಲಿ ಸಿಗುತ್ತಿತ್ತು, ಅಲೆಯೇ ಕಾಣುತ್ತಿರಲಿಲ್ಲ. ಆದರೆ `delay(1000)` ಅಂದರೆ ಕಾಯುವ ಹೊತ್ತು ಮಾತ್ರ. ಓದಲು, ಡಿಗ್ರಿ ಲೆಕ್ಕ ಹಾಕಲು, ಪ್ರಿಂಟ್ ಮಾಡಲು ಇನ್ನೂ ಅರ್ಧ ಮಿಲಿಸೆಕೆಂಡ್ ಬೇಕು. ನಿಜವಾದ ಅಂತರ 1.0005 ಸೆಕೆಂಡ್. ಅಷ್ಟರಲ್ಲಿ ಹಮ್ 50.025 ಸುತ್ತು. ಚಿತ್ರದಲ್ಲಿ ಮಾಡಿದ ಹಾಗೆ ಪೂರ್ತಿ ಸುತ್ತುಗಳನ್ನು ಬಿಟ್ಟರೆ ಉಳಿಯುವುದು 0.025. ಒಂದು ಸುತ್ತು ತುಂಬಲು 40 ಸ್ಯಾಂಪಲ್ ಬೇಕು. ಅಲ್ಲಿಗೆ 40 ಸೆಕೆಂಡ್ ಸಿಕ್ಕಿತು.

ಹತ್ತು ಸಲ ಓದಿದಾಗ? ಈ ಬೋರ್ಡಿನಲ್ಲಿ ಒಂದು `analogRead` ಸುಮಾರು 0.11 ಮಿಲಿಸೆಕೆಂಡ್ ತಗೊಳ್ಳುತ್ತದೆ. ಒಂಬತ್ತು ಹೆಚ್ಚಾದಾಗ ಅಂತರ ಸುಮಾರು 1.0015 ಸೆಕೆಂಡ್ ಆಯಿತು. ಉಳಿಯುವ ಸುತ್ತು 0.075, ಅಲೆ 13 ಸ್ಯಾಂಪಲ್‌ಗೆ ಒಂದು. ಎತ್ತರ ಯಾಕೆ ಇಳಿಯಲಿಲ್ಲ ಅನ್ನೋದೂ ಇದರಲ್ಲೇ ಇದೆ. ಹತ್ತು ಓದುಗಳು ಸುಮಾರು ಒಂದು ಮಿಲಿಸೆಕೆಂಡಿನಲ್ಲಿ ಮುಗಿಯುತ್ತವೆ, ಹಮ್‌ನ ಒಂದು ಸುತ್ತು 20 ಮಿಲಿಸೆಕೆಂಡ್. ಒಂದೇ ಜಾಗದಲ್ಲಿ ನಿಂತು ಹತ್ತು ಸಲ ನೋಡಿದ ಹಾಗಾಯಿತು, ಸರಾಸರಿಗೆ ಅಲ್ಲಿ ಕೆಲಸವೇ ಇಲ್ಲ.

`delay(500)` ಕೈಕೊಟ್ಟ ಕಾರಣವೂ ಈಗ ಕಾಣುತ್ತದೆ. 500 ಮಿಲಿಸೆಕೆಂಡಿನಲ್ಲೂ ಹಮ್ ಪೂರ್ತಿ 25 ಸುತ್ತು ಮುಗಿಸುತ್ತದೆ, ಉಳಿಯುವುದು ಮತ್ತೆ ಚೂರು. 20ರಿಂದ ಸಮನಾಗಿ ಭಾಗವಾಗುವ ಯಾವ ಅಂಕಿ ಹಾಕಿದರೂ ಇದೇ ಗತಿ: 100, 200, 700, 980. ನಾವು ಕೋಡಿನಲ್ಲಿ ಹಾಕುವ ಅಂಕಿಗಳೆಲ್ಲ ಇಂಥವೇ ಅಲ್ವಾ?

ಊಹೆ ಮೊದಲು, ಪರೀಕ್ಷೆ ಆಮೇಲೆ

ಇಲ್ಲಿ ಒಂದು ನಿರ್ಧಾರ ಮಾಡಿದೆವು. ವೈರ್ ಬಿಚ್ಚುವ ಮೊದಲು, ಏನು ಕಾಣಬೇಕು ಅಂತ ಬರೆದಿಟ್ಟುಕೊಂಡು ಪರೀಕ್ಷಿಸುವುದು. ವೈರ್ ಸರಿಸಿ ಅಲೆ ಹೋದರೆ ಸಮಸ್ಯೆ ಮುಗಿಯುತ್ತದೆ, ಆದರೆ ಚಿತ್ರ ಹೇಳಿದ್ದು ನಿಜವಾ ಅನ್ನೋದು ಗೊತ್ತಾಗುವುದಿಲ್ಲ.

ಒಂದೇ ಸಲ ಓದುವ ಹಳೆಯ ಕೋಡಿಗೆ ಮರಳಿ `delay(1007)` ಹಾಕಿದೆವು. ಅಂತರ 1.0075 ಸೆಕೆಂಡ್, ಹಮ್ 50.375 ಸುತ್ತು. 0.375 ಅಂದರೆ ಮೂರು ಸ್ಯಾಂಪಲ್ ತುಂಬುವ ಮೊದಲೇ ಒಂದು ಸುತ್ತು. ನೀರು ನಿಜಕ್ಕೂ 40 ಸೆಕೆಂಡಿಗೊಮ್ಮೆ ಏರಿಳಿಯುತ್ತಿದ್ದರೆ 7 ಮಿಲಿಸೆಕೆಂಡ್ ಹೆಚ್ಚಿಸಿದ್ದಕ್ಕೆ ಗ್ರಾಫಿನಲ್ಲಿ ಏನೂ ಬದಲಾಗಬಾರದು. ಅದು ಏಲಿಯಾಸ್ ಆಗಿದ್ದರೆ ನುಣುಪಾದ ಅಲೆ ಮಾಯವಾಗಿ ಅಷ್ಟೇ ಎತ್ತರದ ಗರಗಸದ ಹಲ್ಲು ಬರಬೇಕು. ಹಲ್ಲು ಬಂತು.

ಎರಡನೆಯದು ನೀಲಿ ಗೆರೆಯನ್ನೇ ನೋಡುವುದು. 2 ಮಿಲಿಸೆಕೆಂಡಿಗೆ ಒಂದರಂತೆ 200 ಸ್ಯಾಂಪಲ್ ಓದಿ ಮೊದಲು ಮೆಮೊರಿಯಲ್ಲಿ ಇಟ್ಟು, ಎಲ್ಲ ಮುಗಿದ ಮೇಲೆ ಪ್ರಿಂಟ್ ಮಾಡಿದೆವು. ಓದುತ್ತಾ ಪ್ರಿಂಟ್ ಮಾಡಿದರೆ 9600 ಬಾಡ್‌ನ ನಿಧಾನದ ವೇಗದಲ್ಲಿ ಪ್ರಿಂಟ್ ಓದುವುದನ್ನು ತಡೆದು ನಿಲ್ಲಿಸುತ್ತದೆ, ಅಂತರ ಕೆಡುತ್ತದೆ. 0.4 ಸೆಕೆಂಡಿನಲ್ಲಿ 20 ಸುತ್ತು, ಸುತ್ತಿಗೆ ಹತ್ತು ಚುಕ್ಕೆ. 50 ಹರ್ಟ್ಜ್ ಹಮ್ ಕಣ್ಣೆದುರಿಗೆ ನಿಂತಿತು.

ಒಂದು ಹಳೆಯ ಗೊಂದಲವೂ ಬಗೆಹರಿಯಿತು. ಕೆಲವು ಹೊತ್ತು ಆ ಅಲೆ ಎರಡು ಮೂರು ನಿಮಿಷಕ್ಕೆ ಹಿಗ್ಗುತ್ತಿತ್ತು, ಕೆಲವೊಮ್ಮೆ ನಿಂತೇ ಹೋಗುತ್ತಿತ್ತು. ಹವೆ ಬದಲಾಗಿದ್ದಕ್ಕೆ ಅಂದುಕೊಂಡಿದ್ದರು. ನಮ್ಮ ವಿದ್ಯುತ್ ಜಾಲ ಸದಾ ಸರಿಯಾಗಿ 50ರಲ್ಲಿ ಇರುವುದಿಲ್ಲ, ಗ್ರಿಡ್ ನಿಯಮ 49.90ರಿಂದ 50.05 ಹರ್ಟ್ಜ್ ಒಳಗೆ ಇರಲಿ ಅನ್ನುತ್ತದೆ. ಫ್ರೀಕ್ವೆನ್ಸಿ 49.98ಕ್ಕೆ ಇಳಿದರೆ 1.0005 ಸೆಕೆಂಡಿನಲ್ಲಿ 50.005 ಸುತ್ತು, ಅಲೆ 200 ಸೆಕೆಂಡಿಗೆ ಹಿಗ್ಗುತ್ತದೆ. 49.975ರ ಹತ್ತಿರ ಅದು ನಿಂತೇಬಿಡುತ್ತದೆ. ಎಲ್ಲಕ್ಕಿಂತ ಅಪಾಯದ್ದು ಹೀಗೆ ನಿಲ್ಲುವುದೇ. ಅಲೆ ಕಾಣುವುದಿಲ್ಲ, ಬಿಸಿ ಮಾತ್ರ ನಿಮಿಷಗಟ್ಟಲೆ 0.8 ಡಿಗ್ರಿವರೆಗೆ ತಪ್ಪಾಗಿ ತೋರುತ್ತದೆ, ಹಾಲು 63ಕ್ಕೆ ಮುಟ್ಟದೆಯೂ ಮುಟ್ಟಿದೆ ಅನ್ನಿಸಬಹುದು.

ಸರಿಪಡಿಸಿದ್ದು

ತಂಡದ ಮೊದಲ ಸಲಹೆ ಲಾಗ್ ಆದ ಮೇಲೆ ಸಾಫ್ಟ್‌ವೇರಿನಲ್ಲಿ ಫಿಲ್ಟರ್ ಮಾಡುವುದು. ಅದು ಆಗದು. ಒಂದು ಸಲ 40 ಸೆಕೆಂಡಿನ ಅಲೆಯಾಗಿ ಒಳಗೆ ಬಂದ ಮೇಲೆ ಅದಕ್ಕೂ ನೀರಿನ ನಿಜವಾದ ಏರಿಳಿತಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಅದನ್ನು ತೆಗೆದರೆ ಇದೂ ಹೋಗುತ್ತದೆ. ತಡೆಯುವುದಿದ್ದರೆ ನಿಧಾನದ ಸ್ಯಾಂಪಲ್‌ಗೆ ಮುಂಚೆಯೇ ತಡೆಯಬೇಕು.

ಸೆನ್ಸರ್ ವೈರನ್ನು ಕರೆಂಟ್ ವೈರಿನಿಂದ ದೂರ ಎಳೆದರು. ಆರ್ಡುಯಿನೋ ಪಿನ್ ಮುಂದೆ 10 ಕಿಲೋ ಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರು. ಇದು ಸುಮಾರು 1.6 ಹರ್ಟ್ಜ್‌ನಿಂದ ಮೇಲಿನದನ್ನು ತಗ್ಗಿಸುತ್ತದೆ, 50 ಹರ್ಟ್ಜ್ ಬರುವಷ್ಟರಲ್ಲಿ ಮೂವತ್ತರಲ್ಲಿ ಒಂದು ಪಾಲಾಗುತ್ತದೆ. 0.8 ಡಿಗ್ರಿ ಹೋಗಿ 0.03ಕ್ಕಿಂತ ಕೆಳಗೆ, ಆ ಬೋರ್ಡ್ ಗುರುತಿಸಬಲ್ಲ ಮೆಟ್ಟಿಲಿಗಿಂತ ಚಿಕ್ಕದು. ಕೋಡಿನಲ್ಲೂ ಸರಾಸರಿಯನ್ನು ಬಿಡಲಿಲ್ಲ, ಹತ್ತು ಓದನ್ನು ಒಟ್ಟಿಗೆ ತುರುಕುವ ಬದಲು ಒಂದು ಮಿಲಿಸೆಕೆಂಡಿಗೆ ಒಂದರಂತೆ 20 ಓದು ಮಾಡಿದರು. ಹಮ್‌ನ ಪೂರ್ತಿ ಒಂದು ಸುತ್ತು ಅದರೊಳಗೆ ಬರುತ್ತದೆ, ಮೇಲಿನ ಅರ್ಧ ಕೆಳಗಿನ ಅರ್ಧವನ್ನು ಕಳೆಯುತ್ತದೆ.

ಇದೆಲ್ಲ ಆದ ಮೇಲೆ ಗ್ರಾಫಿನಲ್ಲಿ ಇನ್ನೊಂದು ಅಲೆ ಕಂಡಿತು. ಅರ್ಧ ಡಿಗ್ರಿಯಷ್ಟು, ಸುಮಾರು ನಾಲ್ಕು ನಿಮಿಷಕ್ಕೆ ಒಂದು ಸುತ್ತು, ಬೇಗ ಏರಿ ನಿಧಾನ ಇಳಿಯುವಂಥದ್ದು. ಹುಡುಗರು ಕೇಳದೆಯೇ 1000ದ ಜಾಗದಲ್ಲಿ 1007 ಹಾಕಿದರು, ಆಮೇಲೆ 1313. ಎರಡರಲ್ಲೂ ನಾಲ್ಕು ನಿಮಿಷ ನಾಲ್ಕು ನಿಮಿಷವಾಗಿಯೇ ಉಳಿಯಿತು. ಇದು ಹೀಟರ್ ಆನ್ ಆಫ್ ಆಗುವುದರ ನಿಜವಾದ ಏರಿಳಿತ. ಕಂಟ್ರೋಲ್ ತಿದ್ದುವ ಕೆಲಸ ಅಲ್ಲಿಂದ ಶುರುವಾಯಿತು.